ಬರೆಯದ ಹಾಳೆಗೆ ಹಾಕಿದ ಸಹಿ

ಅಳತೆ ಬರೆದುಕೊಳ್ಳದೆ ಬಟ್ಟೆಗೆ ಕತ್ತರಿ ಹಾಕುವವಳಲ್ಲ ನಮ್ಮ ಬೀದಿಯ ಗುಂಡಿ ಅಕ್ಕ. ಅಂಗಿಯಿಂದ ಕಿತ್ತುಹೋದ ಗುಂಡಿಯನ್ನು ಯಾರಿಗಾದರೂ ಪುಕ್ಕಟೆ ಹಾಕಿಕೊಡುವುದರಿಂದ ಬಂದ ಹೆಸರದು. ಅಂಥವಳು ಒಮ್ಮೆ ಮಾತ್ರ ಖಾಲಿ ಅರ್ಜಿಗೆ ಸಹಿ ಹಾಕಿದಳು. ಹಾಕಿಸಿಕೊಂಡವನು ಗಂಡನ ತಮ್ಮ, ಬ್ಯಾಂಕಿಗೆ ಸಾಲ ಬೇಕಾದವರನ್ನು ಹಿಡಿದುಕೊಡುವ ಏಜೆಂಟ್. "ಸಹಿ ಹಾಕಿ ಅತ್ತಿಗೆ, ಉಳಿದದ್ದು ನಾನು ಬರ್ಕೋತೀನಿ" ಎಂದಿದ್ದ.

ಕಸೂತಿ ಮಷೀನಿಗೆ ಅವಳಿಗೆ ಬೇಕಿದ್ದದ್ದು ಎರಡು ಲಕ್ಷ. ಅವನು ಐದು ಬರೆದ; ಸಾಲ ದೊಡ್ಡದಾದಷ್ಟೂ ಕಮಿಷನ್ನೂ ದೊಡ್ಡದು. ತಿಂಗಳ ಇಪ್ಪತ್ತನಾಲ್ಕು ಸಾವಿರದ ದುಡಿಮೆಯನ್ನು ನಲವತ್ತೈದು ಸಾವಿರ ಮಾಡಿದ. ಹೊಲಿಗೆ ಮಷೀನಿಗೆ ಅವಳು ಮೂರು ಸಾವಿರದ ಇನ್ನೂರು ಕಂತು ಕಟ್ಟುತ್ತಿದ್ದಳಲ್ಲ, ಆ ಜಾಗದಲ್ಲಿ 'ಇಲ್ಲ' ಎಂದು ಗೀಚಿದ. ಬ್ಯಾಂಕಿನವರು ಅವಳ ಸಾಲದ ವರದಿ ತೆಗೆಸಿದರೆ ಕಂತು ಅಲ್ಲೇ ಕೂತಿತ್ತು. ಖಾತೆ ನೋಡಿದರೆ ನಲವತ್ತೈದರ ಸುಳಿವೇ ಇಲ್ಲ. ಅರ್ಜಿ ತಿರಸ್ಕಾರವಾಯಿತು, ಮಷೀನು ಬಂದರೆ ಅವಳಿಗೆ ಸಿಗಬೇಕಿದ್ದ, ಶಾಲೆಯ ಸಮವಸ್ತ್ರಕ್ಕೆ ಲಾಂಛನ ಹಾಕುವ ಕೆಲಸ ಬೇರೆಯವರ ಪಾಲಾಯಿತು. ಆ ಮಹಾನುಭಾವನೋ, ಅತ್ತಿಗೆಯೇ ಬ್ಯಾಂಕಿಗೆ ಟೋಪಿ ಹಾಕಲು ಹೋಗಿ ನನ್ನ ಮಾನ ಕಳೆದರು ಎಂದು ತಾಯಿಯ ಮುಂದೆ ಹೇಳಿದ. ಅತ್ತೆ ಮಗನನ್ನೇ ನಂಬಿದರು.

ಎರಡು ವರ್ಷ ಅವಳು ಹಲ್ಲು ಕಚ್ಚಿಕೊಂಡು ಹೊಲಿದಳು. ಕ್ಷಮಿಸಬಹುದಿತ್ತು ಅನ್ನುವವರು ಅನ್ನಲಿ. ನಾನಾಗಿದ್ದರೆ ಎರಡು ದಿನವೂ ಕಾಯುತ್ತಿರಲಿಲ್ಲ.

ಈ ಸಲ ಬ್ಯಾಂಕಿಗೆ ತಾನೇ ಹೋದಳು. ಕೈಯಾರೆ ಬರೆದಳು: ಆದಾಯ ಅದೇ ಇಪ್ಪತ್ತನಾಲ್ಕು ಸಾವಿರ, ಕಂತು ಮೂರು ಸಾವಿರದ ಇನ್ನೂರು, ಬೇಕಾದದ್ದು ಎರಡು ಲಕ್ಷ. ಅಧಿಕಾರಿ ಲೆಕ್ಕ ಹಾಕಿದರು. ಎಲ್ಲ ಕಂತು ಸೇರಿ ಆದಾಯದ ಅರ್ಧ ದಾಟಬಾರದು, ಹೊಸದಕ್ಕೆ ಎಂಟು ಸಾವಿರದ ಎಂಟುನೂರರವರೆಗೆ ಜಾಗವಿದೆ, ಎರಡು ಲಕ್ಷದ ಕಂತು ಅದರೊಳಗೇ ಬರುತ್ತದೆ ಎಂದರು.

ಆಮೇಲೆ ಹಳೇ ಅರ್ಜಿ ತೆರೆದರು. "ಆವತ್ತೇ ನಿಜ ಬರೆದಿದ್ರೆ ಆವತ್ತೇ ಸಿಗ್ತಿತ್ತಲ್ಲಮ್ಮ."

ಅವಳು ಅದನ್ನು ತನ್ನತ್ತ ಎಳೆದುಕೊಂಡಳು. ಎರಡೂ ಅರ್ಜಿಗಳನ್ನು ಅಕ್ಕಪಕ್ಕ ಇಟ್ಟಳು. "ಖಾಲಿ ಹಾಳೆಗೆ ಸಹಿ ಹಾಕಿದ್ದು ನನ್ನ ತಪ್ಪು ಸಾರ್. ಬರವಣಿಗೆ ನಂದಲ್ಲ." ಅಲ್ಲೇ ಕೂತು ಮೈದುನನ ಮೇಲೆ ದೂರು ಬರೆದುಕೊಟ್ಟಳು. ಬ್ಯಾಂಕಿನವರು ಅವನು ತಂದಿದ್ದ ಬೇರೆ ಅರ್ಜಿಗಳನ್ನು ತೆಗೆಸಿದರೆ, ಎಷ್ಟೋ ಕಡೆ ಅದೇ ಕೈಬರಹದ 'ಇಲ್ಲ'. ಅವನ ಕೆಲಸ ನಿಂತಿತು. ಆ ಸುದ್ದಿ ಬಂದ ದಿನ ಗುಂಡಿ ಅಕ್ಕ ಹೊಟ್ಟೆ ತುಂಬ ಉಂಡಳು, ಅದನ್ನು ಮುಚ್ಚಿಡಲೂ ಇಲ್ಲ.

ವಾರದ ಮೇಲೆ, ಹೊಸ ಸಾಲದಲ್ಲಿ ತಂದ ಕಸೂತಿ ಮಷೀನು ಓಡುತ್ತಿದ್ದಾಗ, ಅವನು ತಾಯಿಯನ್ನು ಮುಂದಿಟ್ಟುಕೊಂಡು ಬಂದ. ಆ ಅಂಕಿ ತಾನೇ ಬರೆಸಿದ್ದೆಂದು ಅವಳು ಹೇಳಿ, ದೂರು ಹಿಂದಕ್ಕೆ ತಗೊಳ್ಳಬೇಕಂತೆ.

ಅವಳು ಮಷೀನು ನಿಲ್ಲಿಸಿ, ಒಂದು ಬಿಳಿ ಹಾಳೆಯನ್ನೂ ಪೆನ್ನನ್ನೂ ಅವನ ಮುಂದೆ ಸರಿಸಿದಳು.

"ಸಹಿ ಹಾಕು. ಉಳಿದದ್ದು ನಾನು ಬರ್ಕೋತೀನಿ."

ಅವನ ಕೈ ಪೆನ್ನಿನ ಹತ್ತಿರವೂ ಹೋಗಲಿಲ್ಲ. ಅತ್ತೆ ಹಾಳೆಯನ್ನು ನೋಡಿದರು, ಮಗನನ್ನು ನೋಡಿದರು.

"ಇವಳ ಹತ್ರ ನೀನು ಸಹಿ ಹಾಕಿಸ್ಕೊಂಡಿದ್ದೂ ಹೀಗೇನಾ?" ಎಂದು ಕೇಳಿದರು.