ತಮ್ಮನ ಪಾಲು

ನಮ್ಮ ಅತ್ತೆ ಅನ್ನಮ್ಮನವರಿಗೆ ಕ್ಯಾಮೆರಾ ಅಂದರೆ ಭಯವಿಲ್ಲ. ಭಯವೆಲ್ಲ ನನಗೇ. ಶಹಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿ ನಿಲ್ಲಿಸಿದರೆ ಸಾಕು, ಅವರು ಸೆರಗು ಸರಿಮಾಡಿಕೊಂಡು ನನಗೇ ಹುಕುಂ ಕೊಡತೊಡಗುತ್ತಾರೆ.

ಮಸ್ಕತ್‌ನಲ್ಲಿರುವ ನನ್ನ ಗೆಳತಿ ಚಂದ್ರಕಲಾ ಕೇಳಿದ್ದಿಷ್ಟು: ನಾಗರಪಂಚಮಿಯನ್ನು ಹಂತಹಂತವಾಗಿ ತೋರಿಸುವ ನಾಲ್ಕು ನಿಮಿಷದ ವಿಡಿಯೋ. ಅಲ್ಲಿ ನಮ್ಮ ಕಡೆಯ ಹನ್ನೆರಡು ಮನೆಗಳಿವೆ, ಮಕ್ಕಳಿಗೆ ಹಬ್ಬ ಗೊತ್ತಿಲ್ಲ. ಹುತ್ತವಂತೂ ಇಲ್ಲವೇ ಇಲ್ಲ.

"ಹುತ್ತ ಇಲ್ಲಂದ್ರ ಕುಂಡ್ಯಾಗಿನ ಮಣ್ಣು ನಾದಿ ನಾಗಪ್ಪನ್ನ ಮಾಡ್ರಿ. ಜೀವಂತ ಹಾವಿಗೆ ಮಾತ್ರ ಹಾಲು ಕುಡಿಸಾಕ ಹೋಗಬ್ಯಾಡ್ರಿ, ಅದು ಹಾಲು ಕುಡಿಯೂ ಜೀವ ಅಲ್ಲ," ಎಂದು ಅತ್ತೆ ಶುರುಮಾಡಿದರು. ಹಬ್ಬಕ್ಕೆ ಇನ್ನೂ ಎರಡು ದಿನವಿತ್ತು. ಬರೀ ವಿಡಿಯೋಕ್ಕಾದ್ದರಿಂದ ಹಾಲಿನ ಬದಲು ನೀರು ಸಾಕೆಂದು ನಾನಂದರೆ, "ನಾಗಪ್ಪ ಕ್ಯಾಲೆಂಡರ್ ನೋಡಂಗಿಲ್ಲ, ಹಾಲ ತಗೊಂಡು ಬಾ," ಎಂದು ಗದರಿದರು.

ಮಣ್ಣಿನ ನಾಗಪ್ಪನಿಗೆ ಅರಿಷಿಣ, ಕುಂಕುಮ, ಹೂವು. ಅರಿಷಿಣ ಹಚ್ಚಿದ ನೂಲು. ಎಡೆಗೆ ಹುರಿದು ಅರಳಿಸಿದ ಜೋಳದ ಅಳ್ಳು, ತಂಬಿಟ್ಟು, ಎಳ್ಳಿನ ಉಂಡಿ, ನೆನೆಸಿದ ಕಡಲೆ. ಪಂಚಮಿ ದಿನ ಒಲೆಯ ಮೇಲೆ ಹಂಚು ಇಡಬಾರದು, ಕಾಯಿಪಲ್ಲೆ ಹೆಚ್ಚಬಾರದು, ಅದಕ್ಕೇ ರೊಟ್ಟಿಯನ್ನು ಹಿಂದಿನ ದಿನವೇ ಬಡಿದಿಡಬೇಕು. ಒಂದನ್ನೂ ತಡವರಿಸದೆ ಹೇಳಿದರು. ಆಮೇಲೆ ಒಣಕೊಬ್ಬರಿ ಬಟ್ಟಲಲ್ಲಿ ಹಾಲು ತುಂಬಿಕೊಂಡು ನಾಗಪ್ಪನಿಗೆ ಎರೆಯತೊಡಗಿದರು.

"ದೇವರ ಪಾಲು. ಗುರುವಿನ ಪಾಲು. ಅಪ್ಪನ ಪಾಲು. ಅವ್ವನ ಪಾಲು. ತಮ್ಮನ ಪಾಲು."

"ಅತ್ತಿ, ಹೆಸರು ಹಿಡದು ಹೇಳ್ರಿ. ಅಲ್ಲಿಯವ್ರಿಗೆ ತಂತಮ್ಮ ಮನಿಯವ್ರ ಹೆಸರು ಹೇಳಬೇಕಂತ ತಿಳಿಯಬೇಕಲ್ರಿ," ಎಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅತ್ತೆಯ ಒಬ್ಬನೇ ತಮ್ಮ ಸಂಗಮನಾಥ ಮಾವ ಇರುವುದು ಸುರಪುರದ ರಂಗಂಪೇಟೆಯಲ್ಲಿ, ಬಸ್ಸಿನಲ್ಲಿ ಒಂದು ತಾಸಿನ ದಾರಿ. ಮೂರು ವರ್ಷದ ಹಿಂದೆ ನನ್ನ ಮಗನ ಜವಳದ ಆಮಂತ್ರಣ ಕಾರ್ಡಿನಲ್ಲಿ ಅವರ ಹೆಸರು ಬಿಟ್ಟುಹೋಗಿತ್ತು. "ನನ್ನ ಹೆಸರ ಇಲ್ಲದ ಮನಿಗೆ ನಾನ್ಯಾಕ ಬರ್ಲಿ?" ಎಂದು ಅವರು ಮುನಿಸಿಕೊಂಡರು. ಪ್ರತಿ ಪಂಚಮಿಗೂ ಅಕ್ಕನನ್ನು ತವರಿಗೆ ಕರೆಯಲು ಬರುತ್ತಿದ್ದವರು ಬರುವುದನ್ನೇ ಬಿಟ್ಟರು. ಅತ್ತೆಯೂ ಹಟದಲ್ಲಿ ಕಡಿಮೆಯಿಲ್ಲ, ಮನೆಯಲ್ಲಿ ಅವರ ಹೆಸರೆತ್ತಬಾರದೆಂದು ಕಟ್ಟಪ್ಪಣೆ ಮಾಡಿದರು. ಆ ಕಾರ್ಡಿನ ಮ್ಯಾಟರ್ ಬರೆದು ಪ್ರೆಸ್ಸಿಗೆ ಕೊಟ್ಟವಳು ನಾನು. ಅತ್ತೆಗೆ ಅದು ಗೊತ್ತಿತ್ತು. ಸೊಸೆಯ ತಪ್ಪೆಂದು ತಮ್ಮನ ಮುಂದೆ ಒಮ್ಮೆಯೂ ಬಾಯಿ ಬಿಡಲಿಲ್ಲ. ನಾನೂ ಸುಮ್ಮನಿದ್ದೆ, ಆ ನಾಚಿಕೆ ನನಗೆ ಇವತ್ತಿಗೂ ಇದೆ.

ಅತ್ತೆ ಬಟ್ಟಲಿಗೆ ಇನ್ನಷ್ಟು ಹಾಲು ತುಂಬಿಕೊಂಡರು. ಮತ್ತೆ ಮೊದಲಿನಿಂದ ಎರೆಯುತ್ತ ಬಂದರು. "ಅಪ್ಪ ನೀಲಕಂಠನ ಪಾಲು. ಅವ್ವ ಮರಿಲಿಂಗಮ್ಮನ ಪಾಲು." ಆಮೇಲೆ ಬಟ್ಟಲನ್ನು ಪೂರ್ತಿ ಬಗ್ಗಿಸಿದರು. "ತಮ್ಮ ಸಂಗಮನಾಥನ ಪಾಲು."

"ಮೂರು ವರ್ಷನೂ ಎರದೇನಿ, ಹೆಸರ ಬಾಯಿಲೆ ಅಂದಿದ್ದಿಲ್ಲ ಅಷ್ಟ. ಅಕ್ಕ ನಾನಿದ್ದು ಅವನ ಪಾಲು ಮತ್ಯಾರು ಎರೀತಾರ?" ಎಂದು ಕಣ್ಣೊರೆಸಿಕೊಂಡರು. "ಈ ಮಾತು ತಗದುಬಿಡು, ಉಮಾಶ್ರೀ."

ಹೂಂ ಅಂದೆ. ತೆಗೆಯಲಿಲ್ಲ. ಆ ಮಾತಿನ ಸಮೇತ ವಿಡಿಯೋವನ್ನು ಮೊದಲು ಕಳಿಸಿದ್ದು ಮಸ್ಕತ್ತಿಗಲ್ಲ, ರಂಗಂಪೇಟೆಗೆ. ಜೊತೆಗೆ ಬರೆದೆ: "ಮಾವಾರ, ಕಾರ್ಡ್ ಬರದಾಕಿ ನಾನು. ಅತ್ತಿಯವ್ರದು ಏನೂ ತಪ್ಪಿಲ್ರಿ." ಎರಡು ನೀಲಿ ಗೆರೆ ಬಂದವು. ಉತ್ತರ ಬರಲಿಲ್ಲ. ಬೈಸಿಕೊಳ್ಳಲು ತಯಾರಾಗಿ ಫೋನ್ ಹಿಡಿದು ಓಡಾಡಿದೆ, ಬೈಗುಳವೂ ಬರಲಿಲ್ಲ.

ಮರುದಿನ ರೊಟ್ಟಿ ಬಡಿಯುವಾಗ ಯಾರೋ ಕದ ತಟ್ಟಿದರು. ಹಿಟ್ಟಿನ ಕೈಯಲ್ಲೇ ಅತ್ತೆ ಬಾಗಿಲಿಗೆ ಹೋದರು. ಹೊರಗೆ ಸಂಗಮನಾಥ ಮಾವ, ಕೈಯಲ್ಲಿ ಸೀರೆಯ ಚೀಲ. ಮೂರು ವರ್ಷದ ನಂತರ ಬಂದವರು ಬಾಗಿಲಲ್ಲೇ ನಿಂತು ನನ್ನ ಕಡೆ ನೋಡಿದರು.

"ನಿನ್ನ ವಿಡಿಯೋ ತಪ್ಪೈತಿ ನೋಡವಾ."

ಮಣ್ಣಿನ ನಾಗಪ್ಪನದೋ, ಎಡೆಯದೋ ತಪ್ಪು ಎಂದುಕೊಂಡೆ. "ಏನ್ ತಪ್ಪೈತ್ರಿ ಮಾವಾರ?"

"ಮೊದಲನೇ ಹಂತನ ಬಿಟ್ಟೀರಿ," ಎಂದರು. ಸೀರೆಯ ಚೀಲವನ್ನು ಅಕ್ಕನ ಕಡೆ ಚಾಚಿದರು. "ತಮ್ಮ ಬಂದು ಅಕ್ಕನ್ನ ಕರಕೊಂಡು ಹೋಗೂದು."

"ಬಿಟ್ಟಾಂವ ನೀನು, ವಿಡಿಯೋ ಅಲ್ಲ," ಎಂದರು ಅತ್ತೆ. ಬೈಯುತ್ತಲೇ ಹಿಟ್ಟಿನ ಕೈಯಿಂದ ಅವರ ಮುಖ ಹಿಡಿದುಕೊಂಡರು. ಮಾವನ ಮೀಸೆಯೆಲ್ಲ ಬೆಳ್ಳಗಾಯಿತು.

ಮಸ್ಕತ್ತಿಗೆ ವಿಡಿಯೋ ಹೋಗುವುದು ಒಂದು ದಿನ ತಡವಾಯಿತು. ಈಗ ಅದು ಮಣ್ಣು ನಾದುವುದರಿಂದ ಶುರುವಾಗುವುದಿಲ್ಲ. ಶಹಾಪುರದ ಬಸ್ ನಿಲ್ದಾಣದಲ್ಲಿ ಹೊಸ ಸೀರೆಯುಟ್ಟ ಅಕ್ಕ, ಅವಳ ಚೀಲ ಹೊತ್ತ ತಮ್ಮ ಸುರಪುರದ ಬಸ್ ಹತ್ತುತ್ತಾರೆ.