ಕಾಕಂಬಿ ಬಾಟಲಿ ಹಿಡಿದ ದಾನಮ್ಮ

ಮುಧೋಳದ ಆಚೆಗಿರುವ ಆ ಸಕ್ಕರೆ ಕಾರ್ಖಾನೆಯಲ್ಲಿ ಲ್ಯಾಬಿನಿಂದ ಡಿಸ್ಟಿಲರಿಗೆ ಆರುನೂರು ಹೆಜ್ಜೆ. ಬನಹಟ್ಟಿಯ ದಾನಮ್ಮ ಎಣಿಸಿ ನೋಡಿದ್ದಳು. ಅಂಜಿಕೆ ಬಂದಾಗ ಏನನ್ನಾದರೂ ಎಣಿಸುವುದು ಅವಳ ಚಿಕ್ಕಂದಿನ ಚಾಳಿ. ಕೈಯಲ್ಲೊಂದು ಕಾಕಂಬಿಯ ಬಾಟಲಿ. ಸಕ್ಕರೆ ತೆಗೆದ ಮೇಲೆ ಉಳಿಯುವ ಆ ಕಪ್ಪು ಪಾಕವೇ ಡಿಸ್ಟಿಲರಿಯಲ್ಲಿ ಹುದುಗಿ ಸ್ಪಿರಿಟ್ ಆಗುವುದು. ಅದರ ಮಾದರಿಯನ್ನು ಹೆಲ್ಪರ್ ಒಯ್ದು ಕೊಟ್ಟರೆ ಸಾಕಿತ್ತು. ನಾಲ್ಕು ತಿಂಗಳಿಂದ ದಾನಮ್ಮ ತಾನೇ ಒಯ್ಯುತ್ತಿದ್ದಳು.

ಯಾಕೆ ಎನ್ನುವುದಕ್ಕೆ ದೀಪಾವಳಿಯ ಹೊತ್ತಿಗೆ ಹೋಗಬೇಕು. ಕಬ್ಬು ಅರೆಯುವ ಹಂಗಾಮು ಆಗಷ್ಟೇ ಶುರುವಾಗಿತ್ತು. ಬೆಳಕು ಹಾಯಿಸಿ ಕಬ್ಬಿನ ರಸದ ಸಕ್ಕರೆಯನ್ನು ಕ್ಷಣದಲ್ಲಿ ಹೇಳುವ ಯಂತ್ರವೊಂದು ಲ್ಯಾಬಿಗೆ ಬಂತು. ಎಲ್ಲರೂ ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದರು. ಮರುವಾರ ತಿಳಿಯಿತು: ಲ್ಯಾಬಿನಲ್ಲಿ ಏಳು ಜನ ಕೆಮಿಸ್ಟ್‌ಗಳು, ಹಂಗಾಮು ಮುಗಿದ ಮೇಲೆ ಉಳಿಯುವವರು ಮೂವರು. ನಾಲ್ಕು ಹೆಸರು ಬರೆದುಕೊಡಬೇಕಾದವರು ಚೀಫ್ ಕೆಮಿಸ್ಟ್ ಗಿರಿಮಲ್ಲಪ್ಪ. ಅಂದಿನಿಂದ ಆ ಕೋಣೆಯಲ್ಲಿ ಯಾರೂ ಜೋರಾಗಿ ನಗಲಿಲ್ಲ.

ಒಂಬತ್ತು ವರ್ಷ ದುಡಿದಿದ್ದರೂ ಲ್ಯಾಬಿನ ಹೊಸ್ತಿಲಾಚೆ ತನ್ನ ಹೆಸರು ಯಾರಿಗೂ ಗೊತ್ತಿಲ್ಲವೆಂಬುದು ದಾನಮ್ಮನಿಗೆ ಆಗ ಹೊಳೆಯಿತು. ಕ್ಯಾಂಟೀನಿನಲ್ಲಿ ಒಮ್ಮೆ ಎಚ್.ಆರ್. ವಿಭಾಗದ ರಸಿಕಾಳ ಎದುರು ಕುಳಿತು ಮೆಲ್ಲಗೆ ಕೇಳಿದಳು. "ಬ್ಯಾರೆ ವಿಭಾಗದಾಗ ಜಾಗ ಬಂದ್ರ ಅರ್ಜಿ ಹಾಕಬಹುದೇನ್ರಿ?"

"ಅರ್ಜಿ ಎಲ್ಲಾರೂ ಹಾಕ್ತಾರ ದಾನಮ್ಮಕ್ಕಾ," ಎಂದಳು ರಸಿಕಾ, ಭಜಿ ಮುರಿಯುತ್ತ. "ಮ್ಯಾಲಿನ ಕೋಣ್ಯಾಗ ಎಲ್ಲಾ ವಿಭಾಗದ ಮುಖ್ಯಸ್ಥರು ಕುಂತು ಹೆಸರು ಆರಿಸ್ತಾರ. ಅಲ್ಲಿ ನೀವು ಇರೂದಿಲ್ಲ. ನೀವಿಲ್ಲದಾಗ 'ಈಕಿ ಛಲೋ ಅದಾಳ, ನಾ ಹೊಣಿ' ಅನ್ನಾವ್ರು ಒಬ್ಬರರ ಬೇಕು. ಬುದ್ಧಿ ಹೇಳಾವ್ರು ಬಾಳ ಮಂದಿ ಸಿಗ್ತಾರ, ತಮ್ಮ ಮಾತು ಪಣಕ್ಕಿಡಾವ್ರು ಸಿಗೂದಿಲ್ಲ."

"ನನ್ನ ಗುರ್ತಾ ಇಲ್ಲದಾವ್ರು ಯಾಕ ಹೇಳ್ತಾರ್ರಿ?"

"ಅದಕ್ಕ ಗುರ್ತಾ ಮಾಡ್ಕೋರಿ. ಹಲ್ಲು ಕಿರಿದು ಅಲ್ಲ, ಕೆಲಸದಿಂದ. ಮತ್ತ ಇನ್ನೊಂದು: ಅರ್ಜಿ ಹಾಕೂ ಮೊದಲ ನಿಮ್ಮ ಸಾಹೇಬ್ರಿಗೆ ಹೇಳಬೇಕು. ಅವರ ಸಹಿ ಇಲ್ಲಂದ್ರ ಕಾಗದ ಮುಂದ ಸರಿಯೂದಿಲ್ಲ."

ಈ ಕೊನೆಯ ಮಾತು ದಾನಮ್ಮನಿಗೆ ಹಳೆಯದೊಂದನ್ನು ನೆನಪಿಸಿತು. ಎರಡು ವರ್ಷದ ಹಿಂದೆ ಅದೇ ಲ್ಯಾಬಿನ ಪ್ರಥಮೇಶ, ಗಿರಿಮಲ್ಲಪ್ಪನವರಿಗೆ ಹೇಳದೆ ಅರ್ಜಿ ಹಾಕಿದ್ದ. ಸಹಿ ಇಲ್ಲದ ಕಾಗದ ತಿರುಗಿ ಬಂತು. ಆಮೇಲೆ ಗಿರಿಮಲ್ಲಪ್ಪ ಅವನ ಹೆಸರು ಹಿಡಿದು ಕರೆದದ್ದನ್ನು ಯಾರೂ ಕೇಳಲಿಲ್ಲ. ಆರು ತಿಂಗಳಿಗೆ ಅವನೇ ಕೆಲಸ ಬಿಟ್ಟ.

ಹೀಗೆ ಬಾಟಲಿ ಕೈಗೆ ಬಂತು. ಮೊದಲ ದಿನ ಡಿಸ್ಟಿಲರಿಯ ಬಾಗಿಲಲ್ಲಿ ನಿಂತು, ಬಾಟಲಿ ಇಟ್ಟು ಓಡಿ ಬಂದಳು. ಎರಡನೆಯ ವಾರ ಒಂದು ಪ್ರಶ್ನೆ ಕೇಳುವ ಧೈರ್ಯ ಬಂತು. "ನಮ್ಮ ಅಂಕಿ ನಿಮಗ ಹೊಂದತೈತೇನ್ರಿ?"

ಡಿಸ್ಟಿಲರಿಯ ಮುಖ್ಯಸ್ಥ ಜಮಖಂಡಿಯ ಪಾಂಡುರಂಗರಾಯರು ಕನ್ನಡಕದ ಮೇಲಿಂದ ನೋಡಿದರು. "ಹತ್ತು ವರ್ಷದಾಗ ಇದನ್ನ ಕೇಳಿದ ಮೊದಲನೇ ಮನಷ್ಯಾಳು ನೀನವಾ. ಎಲ್ಲಿ ಹೊಂದತೈತಿ? ನೀವು ಕಾಕಂಬ್ಯಾಗ ಇಷ್ಟು ಸಕ್ಕರಿ ಐತಿ ಅಂತೀರಿ, ನಮಗ ಅಷ್ಟು ಸಿಗೂದಿಲ್ಲ. ನಿಮ್ಮ ಲ್ಯಾಬ್ ಸುಳ್ಳು ಬರೀತೈತಿ ಅಂತೀನಿ ನಾನು. ನಮ್ಮ ಲ್ಯಾಬಿಗೆ ಅಳಿಯಾಕ ಬರೂದಿಲ್ಲ ಅಂತಾನ ನಿಮ್ಮ ಗಿರಿಮಲ್ಲಪ್ಪ."

ದಾನಮ್ಮ ಎರಡೂ ಲ್ಯಾಬಿನ ಅಂಕಿಗಳನ್ನು ಒಂದು ಹಾಳೆಯಲ್ಲಿ ಪಕ್ಕಪಕ್ಕ ಬರೆದಳು. ಕುದಿಸುವ ವಿಭಾಗದ ತುಕಾರಾಮನ ಹತ್ತಿರ ಹೋಗಿ, ಕಾಕಂಬಿ ಟ್ಯಾಂಕಿಗೆ ಹೋಗುವಾಗ ಎಷ್ಟು ಬಿಸಿ ಇರುತ್ತದೆಂಬ ದಿನಚರಿ ಕೇಳಿದಳು. "ಇದನ್ನ್ಯಾರೂ ಓದಂಗಿಲ್ಲಕ್ಕಾ, ಬರಿಯೂದಷ್ಟ ನಮ್ಮ ಹಣೆಬರಹ," ಎಂದು ನಗುತ್ತ ಅವನು ಪುಸ್ತಕವನ್ನೇ ಕೊಟ್ಟ. ತಣಿಸುವ ಕೊಳವೆ ಕೆಟ್ಟಿದ್ದ ವಾರಗಳಲ್ಲಿ ಕಾಕಂಬಿ ಬಿಸಿಬಿಸಿಯಾಗಿ ಟ್ಯಾಂಕ್ ಸೇರಿತ್ತು. ಕೂತಲ್ಲೇ ಸಕ್ಕರೆ ಕಳೆದುಕೊಂಡಿತ್ತು. ಲ್ಯಾಬಿನವರು ಅಳೆದದ್ದು ಟ್ಯಾಂಕಿಗೆ ಹೋಗುವ ಮೊದಲು, ಡಿಸ್ಟಿಲರಿಯವರು ಅಳೆದದ್ದು ತಿಂಗಳ ಮೇಲೆ. ಎರಡೂ ಅಂಕಿ ಖರೆ. ಆ ಹಾಳೆಯ ನೆತ್ತಿಯ ಮೇಲೆ ತನ್ನ ಹೆಸರಿಗಿಂತ ಮೊದಲು ಗಿರಿಮಲ್ಲಪ್ಪನವರ ಹೆಸರು ಬರೆದು ಅವರ ಮೇಜಿನ ಮೇಲಿಟ್ಟಳು. ಅವರು ಓದಿದರು, "ಹ್ಞೂಂ" ಎಂದರು, ಸಹಿ ಹಾಕಿ ಮೇಲೆ ಕಳಿಸಿದರು. ಕೊಳವೆ ರಿಪೇರಿಯಾಯಿತು.

ಜನವರಿ ಕೊನೆಗೆ ಪಾಂಡುರಂಗರಾಯರು ಅವಳನ್ನು ನಿಲ್ಲಿಸಿದರು. "ನಮ್ಮಲ್ಲಿ ಗುಣಮಟ್ಟ ನೋಡಾಕ ಒಂದ ಜಾಗ ಬರತೈತಿ. ನೀ ಅರ್ಜಿ ಹಾಕು. ಮೀಟಿಂಗಿನ್ಯಾಗ ನಿನ್ನ ಹೆಸರು ನಾ ಎತ್ತತೀನಿ. ಆದ್ರ ಗಿರಿಮಲ್ಲಪ್ಪಗ ನೀನ ಮೊದಲ ಹೇಳಬೇಕು. ಬ್ಯಾರೆಯವರ ಬಾಯಿಂದ ಕೇಳಿದ್ರ ಅಂವ ಸಹಿ ಮಾಡೂದಿಲ್ಲ."

ಹೇಳಬೇಕು, ಹೇಳಬೇಕು ಎಂದು ಮೂರು ವಾರ ಹೋದವು. ಬೆಳಿಗ್ಗೆ ಅವರ ಬೈಕಿನ ಸದ್ದು ಕೇಳಿದೊಡನೆ ದಾನಮ್ಮ ಬಾಟಲಿ ಹಿಡಿದು ಹೊರಟುಬಿಡುತ್ತಿದ್ದಳು. ಹೇಳಿದರೆ ಪ್ರಥಮೇಶನ ಗತಿ. ಹೇಳದಿದ್ದರೆ ನಾಲ್ಕು ಹೆಸರಿನ ಪಟ್ಟಿ. ಮೀಟಿಂಗು ಗುರುವಾರವೆಂದು ನಿಗದಿಯಾಯಿತು. ಅವಳು ಹೇಳಿದ್ದು ಮನೆಯಲ್ಲಿ ಅಪ್ಪನಿಗೆ ಮಾತ್ರ.

ಅಪ್ಪ ಬಸಗೊಂಡಪ್ಪ ಬನಹಟ್ಟಿಯ ಅವರ ಓಣಿಯಲ್ಲಿ ಇನ್ನೂ ಕೈಮಗ್ಗ ಬಿಡದ ನೇಕಾರ. ಅವನ ಕಾಲದಲ್ಲಿ ಒಂದು ರೂಢಿ ಇತ್ತು. ಕಷ್ಟದಲ್ಲಿ ನೂಲು ಕೊಟ್ಟವರು, ಕೆಲಸಕ್ಕೆ ಹಚ್ಚಿದವರು ಯಾರೇ ಇರಲಿ, ಮಗ್ಗಕ್ಕೆ ಹೊಸ ಹಾಸು, ಅಂದರೆ ಉದ್ದೆಳೆಯ ನೂಲು, ಏರಿಸಿದಾಗ ಮೊದಲು ಇಳಿಯುವ ಸೀರೆ ಅವರ ಮನೆಯ ಹೆಣ್ಣುಮಗಳಿಗೆ. ಅದರಲ್ಲಿ ಬೇಡಿಕೆಯಿಲ್ಲ, ಋಣ ನೆನೆಯುವ ಬಗೆ ಅದು. ಆ ಭಾನುವಾರ ದಾನಮ್ಮ ಬಟ್ಟೆ ಒಗೆಯುತ್ತಿದ್ದಾಗ ಅಪ್ಪ ತಲೆಗೆ ರುಮಾಲು ಸುತ್ತಿ ಎತ್ತಲೋ ಹೋದ. ಮಧ್ಯಾಹ್ನ ತಿರುಗಿ ಬಂದವನ ಮುಖ ಅರಳಿತ್ತು.

"ಯವ್ವಾ, ಜಮಖಂಡಿಗೆ ಹೋಗಿದ್ನಿ. ನಿಮ್ಮ ರಾಯರ ಮನಿ ಸಿಕ್ತು. ಸಾಹೇಬ್ರು ಇರಲಿಲ್ಲ. ಅವರ ಹೇಂತಿ ಕಾಶೀಬಾಯಾರು ಬಾಳ ದೊಡ್ಡ ಮನಸಿನಾಕಿ, ಚಹಾ ಕೊಟ್ರು. ಮೊದಲ ಸೀರಿ ಅವರ ಉಡಿಯಾಗ ಹಾಕಿ ಬಂದೆ."

ದಾನಮ್ಮನ ಕೈಯಿಂದ ಒದ್ದೆ ಬಟ್ಟೆ ಜಾರಿತು. "ಯಪ್ಪಾ! ಏನ್ ಮಾಡಿದಿ?"

"ಯಾಕವಾ? ಬರಿಗೈಲೇ ಹೋಗೂದು ಛಲೋ ಕಾಣತೈತೇನು?"

"ಗುರುವಾರ ಮೀಟಿಂಗ್ ಐತಿ. ಇದಕ್ಕ ಲಂಚ ಅಂತಾರಪ್ಪಾ!"

ಅಪ್ಪ ಮಗಳ ಮುಖವನ್ನೇ ನೋಡಿದ. ಲಂಚ ಎಂಬ ಮಾತು ಅವನ ಸೀರೆಯ ಹತ್ತಿರ ಎಂದೂ ಸುಳಿದಿರಲಿಲ್ಲ. ಮಗ್ಗದ ಗುಂಡಿಗೆ ಇಳಿದು ಕುಳಿತ. ಲಾಳಿ ಮಾತ್ರ ಓಡಲಿಲ್ಲ.

ಸೋಮವಾರ ಆರುನೂರು ಹೆಜ್ಜೆ ಎಣಿಸಲು ದಾನಮ್ಮನಿಗೆ ಆಗಲಿಲ್ಲ. ನಡುವೆ ಲೆಕ್ಕ ತಪ್ಪಿತು. ಪಾಂಡುರಂಗರಾಯರ ಮೇಜಿನ ಮೇಲೆ ಪತ್ರಿಕೆಯಲ್ಲಿ ಸುತ್ತಿದ ಗಂಟು ಕಾದು ಕುಳಿತಿತ್ತು.

"ನಿಮ್ಮ ತಂದಿ ಮುಖ ನೋಡಿ ನಮ್ಮಾಕಿಗೆ ಒಲ್ಲೆ ಅನ್ನಾಕ ಆಗಲಿಲ್ಲ," ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಇನ್ನಷ್ಟು ಹೆದರಿಸಿತು. "ಆದ್ರ ಇದನ್ನ ಇಸಗೊಂಡ ಮ್ಯಾಲ ಆ ಕೋಣ್ಯಾಗ ನಾ ಹೆಂಗ ಬಾಯಿ ತೆಗಿಲಿ?"

"ತಿರುಗಿ ಒಯ್ತೀನ್ರಿ. ಯಾರಿಗೂ ಗೊತ್ತಾಗೂದಿಲ್ಲ."

"ಗೊತ್ತಾಗೇತಿ. ನಿಮ್ಮ ತಂದಿ ನನ್ನ ಮನಿ ಹಾದಿ ಕೇಳಿದ್ದು ಕಂಪನಿ ಜೀಪಿನ ಡ್ರೈವರ್‌ಗ. ಗೊತ್ತಾಗದಿದ್ರೂ ನಾ ಮುಚ್ಚಿಡಾಂವ ಅಲ್ಲ. ಸೀರಿ ಬಂತು, ತಿರುಗಿ ಕೊಟ್ನಿ ಅಂತ ರಸಿಕಾಗ ಬರದ ಕೊಟ್ಟೇನಿ. ನಿನ್ನ ಅರ್ಜಿ ಬಂದಾಗ ನಾ ಎದ್ದು ಹೊರಗ ಬರಬೇಕು." ಗಂಟನ್ನು ಅವಳತ್ತ ಸರಿಸಿ ಕೇಳಿದರು. "ಗಿರಿಮಲ್ಲಪ್ಪಗ ಹೇಳಿದ್ಯೋ ಇಲ್ಲೋ?"

"ಇನ್ನೂ ಇಲ್ರಿ," ಎಂದಳು ದಾನಮ್ಮ.

"ಹಂಗಾದ್ರ ಈಗ ಹೇಳು. ನಿನ್ನ ಕೆಲಸ ಕಂಡಾವ್ರ ಪೈಕಿ ಇನ್ನ ಆ ಕೋಣ್ಯಾಗ ಉಳಿಯಾಂವ ಅಂವ ಒಬ್ನ."

ಗಂಟನ್ನು ಬಗಲಲ್ಲಿ ಹಿಡಿದು ನಡೆದಳು. ದಾರಿಯಲ್ಲಿ ಎದುರಾದವರೆಲ್ಲ ಅದನ್ನೇ ನೋಡಿದಂತೆ ಅನಿಸಿತು. ಗಿರಿಮಲ್ಲಪ್ಪ ಯಂತ್ರದ ಮುಂದೆ ಒಬ್ಬರೇ ಕುಳಿತಿದ್ದರು. ತೊದಲುತ್ತಾ ಎಲ್ಲವನ್ನೂ ಹೇಳಿದಳು: ಜಾಗದ್ದು, ಅರ್ಜಿಯದು, ಸೀರೆಯದು. ಅವರು ತಿರುಗಲೇ ಇಲ್ಲ.

"ನಾಕ ತಿಂಗಳಿಂದ ಬಾಟ್ಲಿ ಹಿಡ್ಕೊಂಡ ಹೊಂಟಿದ್ದಿ. ನನಗೇನು ಕಣ್ಣಿಲ್ಲೇನು?"

"ತಪ್ಪಾತ್ರಿ ಸರ್."

"ನಾಳಿ ಹೇಳ್ತಾಳ, ನಾಡದ ಹೇಳ್ತಾಳ ಅಂತ ಕಾದೆ. ಇಷ್ಟ್ಯಾಕ ಅಂಜತಿ ನನಗ?"

ಸುಳ್ಳು ಹೇಳುವ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ. "ಪ್ರಥಮೇಶಗ ಆಗಿದ್ದು ನೋಡೇನ್ರಿ."

ಯಂತ್ರ ಗುಂಯ್‌ಗುಟ್ಟುತ್ತಿತ್ತು. ಗಿರಿಮಲ್ಲಪ್ಪ ಕೈ ಚಾಚಿದರು. ಅವಳು ಕೊಟ್ಟ ಕಾಗದದ ಮೇಲೆ ಸಹಿ ಬಿತ್ತು. ಸಹಿ ಎಂದರೆ ಅರ್ಜಿ ಒಳಗೆ ಹೋಗಲಿ ಎಂದಷ್ಟೇ. ಒಳಗೆ ಅವರು ಏನು ಹೇಳುವರೋ, ಸುಮ್ಮನಿರುವರೋ, ಸೀರೆಯ ಮಾತೇ ಎತ್ತುವರೋ ಯಾರು ಬಲ್ಲರು?

ಗುರುವಾರ ಹನ್ನೊಂದಕ್ಕೆ ಮೇಲಿನ ಕೋಣೆಯ ಬಾಗಿಲು ಮುಚ್ಚಿತು. ಲ್ಯಾಬಿನ ಕಿಟಕಿಯಿಂದ ಆ ಮೆಟ್ಟಿಲು ಕಾಣುತ್ತಿತ್ತು. ದಾನಮ್ಮ ತೊಳೆದ ಗಾಜಿನ ನಳಿಗೆಗಳನ್ನೇ ಮತ್ತೆ ತೊಳೆದಳು. ಹನ್ನೆರಡಕ್ಕೆ ಪಾಂಡುರಂಗರಾಯರು ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತರು. ಅವಳ ಹೆಸರು ಬಂದಿತ್ತು. ಒಳಗೆ ಈಗ ಅವಳ ಪರವಾಗಿ ನಿಂತವರು ಯಾರೂ ಇಲ್ಲ. ನಳಿಗೆಯೊಂದು ಕೈಯಲ್ಲೇ ಬಿರುಕು ಬಿಟ್ಟಿತು.

ಊಟದ ಹೊತ್ತಿಗೆ ರಸಿಕಾ ತಾನೇ ಬಂದಳು. "ಆತು ದಾನಮ್ಮಕ್ಕಾ. ಆರು ತಿಂಗಳು ನೋಡ್ತಾರ, ಆಮ್ಯಾಲ ಕಾಯಂ. ಸೀರಿ ಮಾತು ನಿಮ್ಮ ಫೈಲಿನ್ಯಾಗ ಇರತೈತಿ, ಅದನ್ನ ತಗಿಯಾಕ ಬರೂದಿಲ್ಲ."

"ಯಾರು ಹೇಳಿದ್ರು ನನ್ನ ಬಗ್ಗಿ?"

"ನಿಮ್ಮ ಗಿರಿಮಲ್ಲಪ್ಪನವರು. ಆ ಟ್ಯಾಂಕಿನ ಹಾಳಿ ತಂದಿದ್ರು. 'ಇದು ನನ್ನ ಹೆಸರಿನ್ಯಾಗ ಐತಿ, ಕೆಲಸ ಆಕಿದು' ಅಂದ್ರು. ಸೀರಿ ಮಾತೂ ಅವರ ಎತ್ತಿದ್ರು, ಆಕಿ ಬಂದು ತಾನ ಹೇಳಿದ್ಲು ಅಂತ. ಕಡೀಗೆ ಅಂದ್ರು, 'ಈಕಿ ಅಲ್ಲಿಗೆ ಹ್ವಾದ್ರ ನನ್ನ ಪಟ್ಟ್ಯಾಗ ನಾಕ ಹೆಸರು ಬರಿಯೂದ ಬ್ಯಾಡ, ಮೂರ ಸಾಕು.'"

ದಾನಮ್ಮನಿಗೆ ಸಂತೋಷವಾಗಬೇಕಿತ್ತು. ಅವಳ ಕಣ್ಣು ಲ್ಯಾಬಿನ ಒಳಗೆ ಹೋಯಿತು. ಆರು ಜನ ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದರು. ಪಟ್ಟಿಯ ಮೂರು ಹೆಸರು ಇನ್ನೂ ಅಲ್ಲೇ ಇದ್ದವು.

ಸೀರೆಯನ್ನು ಅವ್ವ ಅನಸವ್ವ ಉಡಲಿಲ್ಲ, ಮಾರಲೂ ಬಿಡಲಿಲ್ಲ, ಅದು ಪೆಟ್ಟಿಗೆಯಲ್ಲಿದೆ. ಬಸಗೊಂಡಪ್ಪ ಮುಂದಿನ ಹಾಸು ಏರಿಸಿದಾಗ ಮೊದಲ ಸೀರೆ ಯಾರಿಗೆಂದು ಹೇಳಲಿಲ್ಲ, ಯಾರೂ ಕೇಳಲಿಲ್ಲ.

ಹೊಸ ಜಾಗಕ್ಕೆ ಹೋಗಿ ಹತ್ತು ದಿನವಾಗಿರಬಹುದು. ಡಿಸ್ಟಿಲರಿಯ ಬಾಗಿಲಲ್ಲಿ ಹೆಲ್ಪರ್ ಬದಲು ಲ್ಯಾಬಿನ ಆ ಆರು ಜನರಲ್ಲೊಬ್ಬಳಾದ ಸ್ನೇಹಾ ನಿಂತಿದ್ದಳು. ಕೈಯಲ್ಲಿ ಕಾಕಂಬಿ ಬಾಟಲಿ.

"ಒಳಗ ಬಾರವಾ," ಎಂದಳು ದಾನಮ್ಮ. ಬಾಟಲಿ ಇಸಿದುಕೊಂಡು, ಕುರ್ಚಿ ಎಳೆದು ಕೊಟ್ಟು, ಎಲ್ಲಕ್ಕಿಂತ ಮೊದಲು ಒಂದನ್ನೇ ಕೇಳಿದಳು. "ಗಿರಿಮಲ್ಲಪ್ಪ ಸಾಹೇಬ್ರಿಗೆ ಹೇಳಿ ಬಂದೀಯೇನು?"

ಸ್ನೇಹಾ ಇಲ್ಲವೆಂದು ತಲೆ ಅಲ್ಲಾಡಿಸಿದಳು.

"ಹಂಗಾದ್ರ ಎದ್ದೇಳು," ಎಂದಳು ದಾನಮ್ಮ, ಚಪ್ಪಲಿ ಮೆಟ್ಟುತ್ತ. "ನಾನೂ ಬರ್ತೀನಿ. ಆರುನೂರು ಹೆಜ್ಜಿ ಅಷ್ಟ."