ತಲೆ ಎತ್ತದೆ ಕೇಳಿದ ಕೊಲೆಗಳು

ಮೂರು ಗುಂಡುಸೂಜಿಗಳನ್ನು ತುಟಿಗಳ ನಡುವೆ ಕಚ್ಚಿಕೊಂಡು, ಬಾಯಿಯ ಎಡ ಮೂಲೆಯೊಂದರಿಂದಲೇ ಮಾತಾಡುತ್ತಿದ್ದರು ನಮ್ಮ ಟೈಲರಕ್ಕ. ಸೂಜಿ ಬೀಳುವುದಿಲ್ಲ, ಮಾತೂ ನಿಲ್ಲುವುದಿಲ್ಲ. ಮೊದಲ ಸಲ ನೋಡಿದವರು ಗಾಬರಿಯಿಂದ "ಅಯ್ಯೋ, ನುಂಗಿಬಿಟ್ಟೀರಿ" ಎನ್ನುತ್ತಿದ್ದರು. ಅಕ್ಕ ಅದಕ್ಕೆ "ನುಂಗಿದ್ರೆ ಪೋಸ್ಟ್‌ಮಾರ್ಟಮ್‌ನಲ್ಲಿ ಸಿಗ್ತದೆ ಬಿಡಿ" ಎನ್ನುತ್ತಿದ್ದರು.

ಕಾಪು ಪೇಟೆಯಲ್ಲಿ ಬಳೆಯಂಗಡಿಯ ಮಹಡಿಯ ಮೇಲೆ ಅವರ ಅಂಗಡಿ. ಕಾರ್ಕಳದಲ್ಲಿ ಹೊಲಿಗೆ ಕಲಿತು, ಮದುವೆಯಾಗಿ ಇಲ್ಲಿಗೆ ಬಂದವರು. ಒಂದು ಮೋಟಾರು ಮೆಷಿನ್ನು, ಕಟಿಂಗ್ ಮಾಡುವ ಉದ್ದದ ಮೇಜು, ಮತ್ತು ಗೋಡೆಯ ಮೇಲೆ, ಅವರ ಬೆನ್ನ ಹಿಂದೆ, ಒಂದು ಟಿವಿ. ಹೌದು, ಬೆನ್ನ ಹಿಂದೆ! ಎದುರಿಗಿದ್ದರೆ ಕಣ್ಣು ಅತ್ತ ಹೋಗುತ್ತದೆ, ಕಣ್ಣು ಹೋದರೆ ಬೆರಳಿನ ಮೇಲೆ ಸೂಜಿ ಇಳಿಯುತ್ತದೆ. ಹಾಗಾಗಿ ಅಕ್ಕ ಟಿವಿಯನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಕೇಳುತ್ತಿದ್ದುದು ಒಂದೇ ಬಗೆ: ಪೊಲೀಸರು ವಾರಕ್ಕೊಂದು ಕೇಸು ಬಿಡಿಸುವ ಧಾರಾವಾಹಿಗಳು. ಹೊಸವು, ಹಳೆಯವು, ಮಧ್ಯಾಹ್ನದ ಮರುಪ್ರಸಾರ, ಯಾವುದೂ ಬಿಡುವಂತಿಲ್ಲ. ಅತ್ತೆ ಸೊಸೆ ಜಗಳದ ಧಾರಾವಾಹಿ ಯಾರಾದರೂ ಹಾಕಿದರೆ, "ಅದು ಮನೆಯಲ್ಲೇ ಉಂಟಲ್ಲ ಮಾರಾಯ್ತಿ, ಇಲ್ಲಿ ಬೇರೆ ಯಾಕೆ?" ಎಂದು ಬದಲಾಯಿಸಿಬಿಡುತ್ತಿದ್ದರು.

ನನ್ನೊಡನೆ ಬೇರೆಲ್ಲ ಮಾತು ತುಳುವಿನಲ್ಲಿ. ಕೇಸಿನ ವಿಷಯ ಬಂದ ಕೂಡಲೇ ಕನ್ನಡ. ಕೋರ್ಟಿನಲ್ಲಿ ಸಾಕ್ಷಿ ಹೇಳುವವರ ಹಾಗೆ ಸ್ವಲ್ಪ ಬಿಗಿಯಾಗಿ ಕೂತು, ಅಕ್ಷರ ಒತ್ತಿ ಹೇಳುತ್ತಿದ್ದರು.

ನಾನು ಆಗ ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಜೊತೆಯಲ್ಲಿದ್ದ ಗೆಳತಿಗೆ ಅಕ್ಕನ ವಿಷಯ ಹೇಳಿದೆ. ತಲೆ ಎತ್ತದೆ ಯಾವ ಧಾರಾವಾಹಿ ಎಂದು ಹೇಳುತ್ತಾರೆ ಎಂದರೆ ಅವಳು ನಂಬಲಿಲ್ಲ. "ಟೈಟಲ್ ಹಾಡು ಕೇಳಿದ್ರೆ ನಾನೂ ಹೇಳ್ತೇನೆ" ಎಂದಳು. ಒಂದು ಭಾನುವಾರ ಉಡುಪಿಯಿಂದ ಬಸ್ಸು ಹತ್ತಿ ಬಂದೇಬಿಟ್ಟಳು. ಶೀರ್ಷಿಕೆ ಗೀತೆ ಇಲ್ಲದ, ಪೊಲೀಸರ ಹೆಸರು ಬಾರದ ನಾಲ್ಕು ತುಣುಕುಗಳನ್ನು ಆರಿಸಿಕೊಂಡು, ಫೋನನ್ನು ಕಟಿಂಗ್ ಮೇಜಿನ ಮೇಲೆ ಬೋರಲು ಇಟ್ಟಳು.

ಮೊದಲನೆಯದರಲ್ಲಿ ಮಾತೇ ಇಲ್ಲ. ಯಂತ್ರವೊಂದರ ಗುಂಯ್ ಸದ್ದು, ಅದರ ಮೇಲೆ ಸಂಗೀತ. ಅಕ್ಕ ಅಂಚು ಹೊಲಿಯುವುದನ್ನು ನಿಲ್ಲಿಸಲಿಲ್ಲ. "ಇದು ಲ್ಯಾಬಿನದ್ದು. ರಕ್ತ ಪರೀಕ್ಷೆ ಮಾಡುವಾಗ ಇವರಿಗೆ ಮಾತು ಬೇಡ, ಮ್ಯೂಸಿಕ್ ಹಾಕಿ ಒಂದು ನಿಮಿಷ ತಳ್ತಾರೆ." ಎರಡನೆಯದರಲ್ಲಿ ಇಬ್ಬರು ಚಹಾ ಕುಡಿಯುತ್ತ ಮೆಲ್ಲಗೆ ಮಾತಾಡುತ್ತಿದ್ದರು. "ಕೊಲೆ ಮಾಡಿದವ ಯಾರು ಅಂತ ಮೊದಲೇ ತೋರಿಸುವುದಲ್ವಾ ಇದು? ಕೇಳು, ಹೆದರಿಸುವ ಮ್ಯೂಸಿಕ್ಕೇ ಇಲ್ಲ. ಯಾರು ಅಂತ ನಮಗೆ ಗೊತ್ತುಂಟು, ಹೇಗೆ ಹಿಡಿಯುವುದು ಅಂತ ಮಾತ್ರ ಪ್ರಶ್ನೆ. ಅದಕ್ಕೇ ಇಷ್ಟು ಮರ್ಯಾದೆ." ಮೂರನೆಯದರಲ್ಲಿ ವಕೀಲರೊಬ್ಬರ ದನಿ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. "ಅರ್ಧ ಠಾಣೆ, ಅರ್ಧ ಕೋರ್ಟು. ಇದು ಕೋರ್ಟಿನ ಅರ್ಧ" ಎಂದರು.

ನಾಲ್ಕನೆಯದಕ್ಕೆ ಅಕ್ಕ ಮೆಷಿನ್ನು ನಿಲ್ಲಿಸಿದರು. ಗೆಳತಿ ನನ್ನತ್ತ ನೋಡಿ ಹುಬ್ಬು ಹಾರಿಸಿದಳು. ಅಕ್ಕನ ಮುಖದಲ್ಲಿ ನಗು.

"ಮೋಸ ಮಾಡ್ತೀಯಾ? ಇದು ಕನ್ನಡದ್ದೇ ಅಲ್ಲ, ಡಬ್ಬಿಂಗ್. ರಸ್ತೆಯಲ್ಲಿ ನಿಂತು ಮಾತಾಡ್ತಾರೆ, ಮಾತಿನ ಹಿಂದೆ ಗಾಳಿಯಿಲ್ಲ. ಮತ್ತೆ ಬಾಯಿ ಆಡುವಷ್ಟು ಹೊತ್ತು ಮಾತು ಸಾಲದೆ 'ಅಂದರೆ, ಅಂದರೆ' ಅಂತ ಎಳೀತಾರೆ." ಆಮೇಲೆ ನಾಲ್ಕೂ ಯಾವ ಯಾವ ಧಾರಾವಾಹಿ ಎಂದೂ ಹೇಳಿದರು. ನಾಲ್ಕಕ್ಕೆ ನಾಲ್ಕು! ಗೆಳತಿ ಅಲ್ಲಿಯೇ ಎರಡು ಬ್ಲೌಸಿಗೆ ಅಳತೆ ಕೊಟ್ಟು ಹೋದಳು.

ನಾನು ಒಂದು ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿದ್ದುದು ಆಗಲೇ. ವಾರಕ್ಕೊಮ್ಮೆ ಬರುವ ಬೆಂಗಳೂರಿನ ಒಂದು ಪತ್ತೇದಾರಿ ಧಾರಾವಾಹಿಗೆ ಕಂತು ಬರೆಯಲು ನನಗೆ ಅವಕಾಶ ಸಿಕ್ಕಿತ್ತು. ಎರಡು ಸಲ ಬರೆದು ಕಳಿಸಿದ್ದೆ, ಎರಡೂ ಸಲ ವಾಪಸು. ಅದರ ಮುಖ್ಯ ಲೇಖಕರು ಫೋನಿನಲ್ಲಿ, "ಭಾಷೆ ಚೆನ್ನಾಗಿದೆ, ಕೇಸು ನಿಲ್ತಿಲ್ಲ. ಸೋಮವಾರ ಬೆಳಿಗ್ಗೆ ಇನ್ನೊಂದು ಸಲ ನೋಡ್ತೀನಿ, ಅದೇ ಕೊನೆ" ಎಂದಿದ್ದರು. ಮನೆಯಲ್ಲಿ ನಾನು ಬಾಯಿ ಬಡಾಯಿ ಕೊಚ್ಚಿಕೊಂಡು, ಇದಾಗದಿದ್ದರೆ ಬರೆಯುವ ಹುಚ್ಚು ಬಿಟ್ಟು ಬ್ಯಾಂಕಿನ ಪರೀಕ್ಷೆಗೆ ಕೂರುತ್ತೇನೆಂದು ಮಾತು ಕೊಟ್ಟಾಗಿತ್ತು. ಅಪ್ಪ ಆಗಲೇ ಕೋಚಿಂಗ್ ಸೆಂಟರಿನ ಅರ್ಜಿ ತಂದು ಫ್ರಿಜ್ಜಿನ ಮೇಲೆ ಇಟ್ಟಿದ್ದರು.

ಗೆಳತಿ ಬಸ್ಸು ಹತ್ತಿದ ಮೇಲೆ ಅಕ್ಕನಿಗೆ ಎಲ್ಲ ಹೇಳಿದೆ. "ಓದು" ಎಂದರು.

ಓದಿದೆ. ಒಬ್ಬ ಹುಡುಗಿ ಲಾಡ್ಜಿನ ಟೆರೇಸಿನಿಂದ ಬಿದ್ದು ಸಾಯುತ್ತಾಳೆ. ಅವಳ ಬ್ಯಾಗಿನಲ್ಲಿ ಒಂದು ಚೀಟಿ. ಆತ್ಮಹತ್ಯೆ ಎಂದು ಎಲ್ಲರ ಲೆಕ್ಕ. ಕೊನೆಗೆ ಅವಳ ಹಳೆಯ ಮಾಲೀಕನೊಬ್ಬ ತಳ್ಳಿದ್ದೆಂದು ಇನ್‌ಸ್ಪೆಕ್ಟರು ಎರಡು ಪುಟ ಭಾಷಣ ಮಾಡುತ್ತಾರೆ. ನಾನು ಓದುತ್ತಲೇ ಇದ್ದೆ, ಮೆಷಿನ್ನು ಓಡುತ್ತಲೇ ಇತ್ತು. ಮುಗಿದಾಗ ಅಕ್ಕ ಬಾಯಿಯ ಸೂಜಿ ತೆಗೆದು ಮೇಜಿನ ಮೇಲಿಟ್ಟರು. ಅವರು ಸೂಜಿ ತೆಗೆದರೆಂದರೆ ಗ್ರಹಚಾರ ಕೆಟ್ಟಿದೆ ಎಂದೇ ಅರ್ಥ.

"ನನಗೆ ಬಾಬಿನ್ ತುಂಬಿಸ್ಲಿಕ್ಕೆ ಒಮ್ಮೆಯೂ ಹೊತ್ತು ಸಿಗ್ಲಿಲ್ಲ ಮಾರಾಯ್ತಿ" ಎಂದರು.

ನನಗೆ ಅರ್ಥವಾಗಲಿಲ್ಲ. ಅಕ್ಕ ವಿವರಿಸಿದರು. ಧಾರಾವಾಹಿಯಲ್ಲಿ ಜಾಹೀರಾತು ಬಂದಾಗಲೇ ಅವರು ಬಾಬಿನ್ನಿಗೆ ನೂಲು ಸುತ್ತುವುದು. ಒಂದು ಕಂತಿಗೆ ಮೂರು ಸಲ. ಹಾಗಾಗಿ ಕಥೆ ಎಲ್ಲಿ ಕಡಿಯುತ್ತದೆ ಎಂಬುದು ಅವರ ಕೈಗೆ ಗೊತ್ತು. ಕಡಿಯುವ ಮೊದಲು ಒಂದು ಪ್ರಶ್ನೆ ಏಳಬೇಕು, ಇಲ್ಲವೇ ಗೊತ್ತಿದ್ದದ್ದು ತಲೆಕೆಳಗಾಗಬೇಕು. ಈಗ ಮೊಬೈಲಿನಲ್ಲಿ ಜಾಹೀರಾತಿಲ್ಲದೆ ಹಳೆಯ ಕಂತು ನೋಡಿದರೂ ಆ ಜಾಗದಲ್ಲಿ ಮ್ಯೂಸಿಕ್ ಏರಿ, ಒಂದು ಗಳಿಗೆ ಕತ್ತಲಾಗಿ, ಮತ್ತೆ ಶುರುವಾಗುತ್ತದೆ. "ನಿನ್ನದರಲ್ಲಿ ಎಲ್ಲರೂ ಬರೇ ಬೊಬ್ಬೆ ಹಾಕ್ತಾರೆ. ಬೊಬ್ಬೆ ಪ್ರಶ್ನೆಯಾ?"

ಆಮೇಲೆ ಚಾಕ್ ತೆಗೆದುಕೊಂಡು ಮೇಜಿನ ಮೇಲೆ ನಾಲ್ಕು ಭಾಗ ಗೀಚಿದರು. ಮೊದಲ ಭಾಗದಲ್ಲಿ ಹೆಣ ಸಿಗಬೇಕು. ಸಿಕ್ಕುವುದು ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದ ಯಾರಿಗಾದರೂ. ಎರಡರಲ್ಲಿ ಸುಳ್ಳು ಹೇಳುವ ಒಬ್ಬ ಸಿಕ್ಕಿಬೀಳಬೇಕು. ಅವನು ನಿಜವಾಗಿಯೂ ಏನನ್ನೋ ಮುಚ್ಚಿಟ್ಟಿರಬೇಕು, ಆದರೆ ಅದು ಕೊಲೆಯಲ್ಲ. ಮೂರರಲ್ಲಿ ಅವನು ಬಿಡುಗಡೆಯಾಗಿ ಪೊಲೀಸರ ಕೈ ಖಾಲಿಯಾಗಬೇಕು. ನಾಲ್ಕರಲ್ಲಿ ಕೇಸಿಗೆ ಸಂಬಂಧವೇ ಇಲ್ಲದ ಒಂದು ಸಣ್ಣ ಸಂಗತಿಯಿಂದ ಉತ್ತರ ಇನ್‌ಸ್ಪೆಕ್ಟರ ತಲೆಗೆ ಹೊಳೆಯಬೇಕು.

"ಕೊಲೆ ಮಾಡಿದವ?" ಎಂದೆ.

"ಮೊದಲನೇ ಬ್ರೇಕಿನ ಮೊದಲೇ ಬಂದು ಹೋಗಿರಬೇಕು. ಎಂತಾದ್ರೂ ಉಪಕಾರ ಮಾಡಿ ಹೋಗಿರಬೇಕು. ನಿನ್ನ ಮಾಲೀಕ ಕೊನೇ ಭಾಗದಲ್ಲಿ ಬಸ್ಸಿನಿಂದ ಇಳಿದ ಹಾಗೆ ಬಂದ. ಅವನನ್ನು ಹಿಡಿದ್ರೆ ನೋಡುವವರಿಗೆ ಮೋಸ."

ನನಗೆ ಸಿಟ್ಟು ಬಂತು. ನಾನು ಸಿಟ್ಟಿನವಳೇ, ಮುಚ್ಚಿಡುವುದೇನು? "ಎಲ್ಲಾ ಒಂದೇ ಅಳತೆಗೆ ಹೊಲಿದ್ರೆ ಅದು ಕಥೆಯಾ ಅಕ್ಕ, ಯೂನಿಫಾರ್ಮಾ?" ಎಂದು ಹಾರಾಡಿದೆ.

ಅಕ್ಕ, ದುರಸ್ತಿಗೆ ಕೊಟ್ಟಿದ್ದ ನನ್ನದೇ ಹಸಿರು ಬ್ಲೌಸನ್ನು ಚೀಲದಿಂದ ಎಳೆದು ಒಳಮೈ ತಿರುಗಿಸಿದರು. "ಅಳತೆ ಎಲ್ಲರಿಗೂ ಒಂದೇ ಅಲ್ಲ, ಆದರೆ ಮಾರ್ಜಿನ್ ಎಲ್ಲರಿಗೂ ಬಿಡ್ಲೇಬೇಕು. ನೀನು ದಪ್ಪ ಆದೆ, ನಾನು ಬಿಡಿಸಿದೆ. ಒಳಗೆ ಬಟ್ಟೆ ಇಟ್ಟಿದ್ದೆ, ಹಾಗಾಗಿ ಬಿಡಿಸ್ಲಿಕ್ಕೆ ಆಯ್ತು. ಮೊದಲ ಭಾಗದಲ್ಲಿ ನೀನು ಒಳಗೆ ಎಂತ ಇಟ್ಟಿದ್ದೀ, ಕೊನೇ ಭಾಗದಲ್ಲಿ ಬಿಡಿಸ್ಲಿಕ್ಕೆ?"

ನಾನು ಆ ಬ್ಲೌಸನ್ನೇ ನೋಡುತ್ತ ಕೂತೆ. ಮತ್ತೆ ಹೊರಮೈ ತಿರುಗಿಸಿದರೆ ತೋಳಿನ ಕೆಳಗೆ, ಪಕ್ಕದ ಹೊಲಿಗೆಯ ಗುಂಟ, ಎರಡು ಬೆರಳಗಲ ಗಾಢ ಹಸಿರು ಪಟ್ಟಿ. ಉಳಿದ ಬಟ್ಟೆಯೆಲ್ಲ ಬಿಸಿಲಿಗೆ, ಸೋಪಿಗೆ ಮಾಸಿದೆ. ಒಳಗೆ ಮಡಚಿಕೊಂಡಿದ್ದ ಭಾಗ ಮಾತ್ರ ಹೊಸದರ ಹಾಗೇ ಉಂಟು. ನಡುವೆ ಹಳೆಯ ಹೊಲಿಗೆಯ ತೂತುಗಳ ಸಾಲು. ಈ ರವಿಕೆಯನ್ನು ತೊಡುವವಳು ದಪ್ಪಗಾಗಿದ್ದಾಳೆಂದು ನೋಡಿದವರು ಯಾರಾದರೂ ಹೇಳಬಹುದು!

"ಅಕ್ಕಾ!" ಎಂದು ಕಿರುಚಿದೆ. ಅವರ ಕೈಯಿಂದ ಚಾಕ್ ಬಿತ್ತು.

ಆವತ್ತು ಸಂಜೆಯವರೆಗೆ ಅಲ್ಲೇ ಕೂತು ಬರೆದೆ. ಮಾಲೀಕನನ್ನು ಕಿತ್ತೆಸೆದೆ. ಸತ್ತ ಹುಡುಗಿ ಕಡ್ಡಿಯಂತಿದ್ದವಳು. ಅವಳ ಹಾಸ್ಟೆಲ್ ಕೋಣೆಯ ಜೊತೆಗಾತಿ, ಈಚೆಗೆ ದಪ್ಪಗಾದವಳು, ಮೊದಲ ಭಾಗದಲ್ಲೇ ಬಂದು, ಅಳುತ್ತ ಪೊಲೀಸರಿಗೆ ನೀರು ಕೊಟ್ಟು, ಬ್ಯಾಗಿನ ಬಟ್ಟೆಗಳನ್ನು ಒಂದೊಂದೇ ತೋರಿಸಿ "ಎಲ್ಲಾ ಅವಳದ್ದೇ, ಊರಿಂದ ಅವಳೇ ತುಂಬಿಸಿ ತಂದದ್ದು, ನಾನು ಲಾಡ್ಜಿಗೆ ಹೋಗಲೇ ಇಲ್ಲ" ಎನ್ನುತ್ತಾಳೆ. ನಿಜಕ್ಕೆ ಅವಳೇ ತಳ್ಳಿ, ಗಡಿಬಿಡಿಯಲ್ಲಿ ಬ್ಯಾಗು ತುಂಬಿಸುವಾಗ ಅಲ್ಲಿದ್ದ, ಪಕ್ಕ ಬಿಡಿಸಿದ ತನ್ನದೊಂದು ಬ್ಲೌಸನ್ನೂ ತುರುಕಿದ್ದಾಳೆ. ಸುಳ್ಳು ಹೇಳುವವನು ಲಾಡ್ಜಿನ ಮ್ಯಾನೇಜರ್. ಆವತ್ತು ಡ್ಯೂಟಿ ಬಿಟ್ಟು ಕ್ರಿಕೆಟ್ ನೋಡಲು ಹೋಗಿದ್ದನ್ನು ಮುಚ್ಚಿಡುತ್ತಾನೆ. ಮತ್ತು ಇನ್‌ಸ್ಪೆಕ್ಟರಿಗೆ ಹೊಟ್ಟೆ ಬಂದಿದೆ. ಮೊದಲ ಭಾಗದಲ್ಲಿ ಠಾಣೆಯವರು ಅದನ್ನು ತಮಾಷೆ ಮಾಡುತ್ತಾರೆ, ಇನ್‌ಸ್ಪೆಕ್ಟರು ಪ್ಯಾಂಟಿನ ಸೊಂಟ ಬಿಡಿಸಲು ಕೊಡುತ್ತಾರೆ. ನಾಲ್ಕನೇ ಭಾಗದಲ್ಲಿ ಪ್ಯಾಂಟು ವಾಪಸು ಬರುತ್ತದೆ, ಹಿಂದೆ ಗಾಢ ಖಾಕಿಯ ಒಂದು ಪಟ್ಟಿ. ಅವರು ಅದನ್ನೇ ನೋಡುತ್ತಾರೆ. ಭಾಷಣವೇ ಇಲ್ಲ. ಎದ್ದು ಹೋಗಿ ಬ್ಯಾಗು ತರಿಸುತ್ತಾರೆ.

ಮತ್ತೆ ಓದಿದೆ. ಮೂರು ಕಡೆ ಮೆಷಿನ್ನು ತಾನಾಗಿ ನಿಂತಿತು, ಮೂರು ಸಲ ಅಕ್ಕ ಬಾಬಿನ್ನಿಗೆ ನೂಲು ಸುತ್ತಿದರು. ಸೂಜಿ ಬಾಯಲ್ಲೇ ಇತ್ತು.

ಸೋಮವಾರ ಮಧ್ಯಾಹ್ನ ಮುಖ್ಯ ಲೇಖಕರ ಫೋನು ಬಂತು. "ಆ ಪ್ಯಾಂಟಿನ ಐಡಿಯಾ ಎಲ್ಲಿ ಸಿಕ್ತು ನಿಮಗೆ?" ಎಂದರು. ಮುದ್ರಣಾಲಯದ ಮೆಟ್ಟಿಲ ಮೇಲೆ ನಿಂತು ಕುಣಿದುಬಿಟ್ಟೆ. ಕೋಚಿಂಗ್ ಸೆಂಟರಿನ ಅರ್ಜಿಯ ಹಿಂದೆ ಅಮ್ಮ ದಿನಸಿ ಚೀಟಿ ಬರೆದರು.

ಕಂತು ಪ್ರಸಾರವಾದ ಶನಿವಾರ ಸಂಜೆ ಅಕ್ಕನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಳೆಯಂಗಡಿಯವರು, ಪಕ್ಕದ ಬೇಕರಿಯ ಬ್ಯಾರಿ ದಂಪತಿ, ನನ್ನ ಅಪ್ಪ ಅಮ್ಮ, ಮಣಿಪಾಲದ ಗೆಳತಿ. ಪ್ಯಾಂಟಿನ ಪಟ್ಟಿ ಕಂಡಾಗ ಬೇಕರಿಯವರ ಹೆಂಡತಿ "ರವಿಕೆ! ಆ ರವಿಕೆ!" ಎಂದು ಎದ್ದು ನಿಂತರು, ಎಲ್ಲರೂ ಚಪ್ಪಾಳೆ ತಟ್ಟಿದರು. ಕೊನೆಗೆ ನನ್ನ ಹೆಸರು ಬಂತು. "ಅಕ್ಕ, ಹೆಸರು! ಒಮ್ಮೆ ತಿರುಗಿ ನೋಡಿ" ಎಂದು ಅಂಗಲಾಚಿದೆ. "ನಾಡಿದ್ದು ಮದುವೆಯ ಬ್ಲೌಸು ಇದು, ಬೆರಳು ಹೋದ್ರೆ ನೀನು ಹೊಲಿದು ಕೊಡ್ತೀಯಾ?" ಎಂದರು. ನನಗೆ ತುಂಬಾ ಬೇಜಾರಾಯಿತು.

ಈಗ ಅದೇ ನನ್ನ ಕೆಲಸ. ಮನೆಯಲ್ಲಿ ಕೂತೇ ಬರೆಯುತ್ತೇನೆ. ಪ್ರತಿ ಕಂತಿಗೂ ಮೊದಲು ಕಾಗದದ ಮೇಲೆ ನಾಲ್ಕು ಭಾಗ ಗೀಚಿ, ಮೇಲೆ "ಮಾರ್ಜಿನ್?" ಎಂದು ಬರೆದುಕೊಳ್ಳುತ್ತೇನೆ. ನನಗೆ ಅನ್ನ ಕೊಡುತ್ತಿರುವುದು ಆ ಒಂದು ಮಾತು, ಅಷ್ಟು ಸತ್ಯ.

ಕಳೆದ ತಿಂಗಳು ಬೇರೊಬ್ಬ ಲೇಖಕರಿಗೆ ಜ್ವರ ಬಂದು, ಅವರ ಕಂತನ್ನು ನಾನು ಮೊದಲಿನಿಂದ ಮತ್ತೆ ಬರೆದುಕೊಟ್ಟೆ. ಹೆಸರು ಅವರದ್ದೇ ಇರಲಿ ಎಂದಿದ್ದೆ. ಮನೆಯಲ್ಲೂ ಹೇಳಿರಲಿಲ್ಲ. ಶನಿವಾರ ಕಂತು ಮುಗಿದದ್ದೇ ತಡ, ಅಕ್ಕನ ಫೋನು. ಹಿಂದೆ ಮೆಷಿನ್ನಿನ ಸದ್ದು, ಬಾಯಿಯ ಎಡ ಮೂಲೆಯ ಮಾತು.

"ಇವತ್ತಿನದ್ದು ನಿನ್ನದು ಅಲ್ವಾ?"

"ಅದರಲ್ಲಿ ನನ್ನ ಹೆಸರೇ ಇರ್ಲಿಲ್ಲವಲ್ಲ ಅಕ್ಕ."

"ಹೆಸರು ನೋಡ್ಲಿಕ್ಕೆ ನಾನು ಯಾವಾಗ ತಲೆ ಎತ್ತಿದ್ದೇನೆ ಮಾರಾಯ್ತಿ?" ಎಂದರು ಅಕ್ಕ.